ಜರ್ಮನಿಯಲ್ಲಿ ಓದು ಮುಗಿಸಿದ ಎಂಜಿನಿಯರ್‌ಗೆ ಲಿಂಕ್ಡ್‌ಇನ್: ದೀರ್ಘಕಾಲದ ಬಳಕೆಯ ವಿಮರ್ಶೆ

ಬಿ.ಇ. ಕೊನೆಯ ವರ್ಷದಲ್ಲಿ ತೆರೆದ ಲಿಂಕ್ಡ್‌ಇನ್ ಖಾತೆಯನ್ನು ನಾನು ಬೆಂಗಳೂರಿನ ಮೊದಲ ಉದ್ಯೋಗ, ಸ್ಟುಟ್‌ಗಾರ್ಟ್‌ನ ಸ್ನಾತಕೋತ್ತರ ಓದು ಮತ್ತು ಅದೇ ಊರಿನ ಈಗಿನ ಉದ್ಯೋಗ, ಈ ಮೂರೂ ಘಟ್ಟಗಳಲ್ಲಿ ಬಳಸುತ್ತ ಬಂದಿದ್ದೇನೆ. ಕೆಲವು ವರ್ಷಗಳಿಂದ ಹುಬ್ಬಳ್ಳಿಯ ನಮ್ಮ ಕಾಲೇಜಿನಿಂದ ಜರ್ಮನಿಗೆ ಬರುವ ಕಿರಿಯರ ಪ್ರೊಫೈಲ್‌ಗಳನ್ನು ಓದಿ ತಿದ್ದಿಕೊಡುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಆದ್ದರಿಂದ ಈ ವಿಮರ್ಶೆಯಲ್ಲಿ ಒಂದೇ ವಿಷಯವನ್ನು ನೋಡುತ್ತೇನೆ: ಹೊರದೇಶದಲ್ಲಿ ಓದು ಮುಗಿಸಿದವರೊಬ್ಬರು ಅಲ್ಲಿನ ನೇಮಕಾತಿದಾರರಿಗೂ ತಮ್ಮದೇ ಕಾಲೇಜಿನ ಹಿರಿಯರಿಗೂ ಸಿಗುವಂತೆ ಮಾಡಲು ಈ ತಾಣ ಎಷ್ಟು ನೆರವಾಗುತ್ತದೆ, ಎಲ್ಲಿ ಆಗುವುದಿಲ್ಲ.

ಮೊದಲು ತಿಳಿಯಬೇಕಾದದ್ದು, ನೇಮಕಾತಿದಾರರು ನಮ್ಮ ಪ್ರೊಫೈಲನ್ನು ನಾವು ನೋಡುವ ಹಾಗೆ ನೋಡುವುದಿಲ್ಲ ಎಂಬುದು. ದೊಡ್ಡ ಕಂಪನಿಗಳಲ್ಲಿ ಅವರು ಹಣ ಕೊಟ್ಟು ಪಡೆದ ಪ್ರತ್ಯೇಕ ಹುಡುಕಾಟದ ಸಾಧನವನ್ನು ಬಳಸುತ್ತಾರೆ. ಅದರಲ್ಲಿ ಹುದ್ದೆಯ ಹೆಸರು, ಊರು, ಕೌಶಲ, ಕಂಪನಿ, ಕಾಲೇಜು ಮುಂತಾದ ಸೋಸುಗಳನ್ನು ಹಾಕಿ, ಬೇಕಿದ್ದರೆ ಒಂದೆರಡು ಪದಗಳನ್ನು ಸೇರಿಸಿ, ಬರುವ ಪಟ್ಟಿಯನ್ನು ಮೇಲಿನಿಂದ ಓದುತ್ತ ಹೋಗುತ್ತಾರೆ. ಪರಿಚಯದ ಭಾಗದಲ್ಲಿ ನಾವು ಎಷ್ಟೇ ಸೊಗಸಾಗಿ ಬರೆದಿದ್ದರೂ ಆ ಪಟ್ಟಿಯೊಳಗೆ ನಮ್ಮ ಹೆಸರೇ ಬರದಿದ್ದರೆ ಅದನ್ನು ಓದುವವರಿಲ್ಲ. ಹೀಗಾಗಿ ಪ್ರೊಫೈಲ್‌ನ ನಿಜವಾದ ಕೆಲಸ ನಡೆಯುವುದು ಜನ ಅರೆಮನಸ್ಸಿನಿಂದ ತುಂಬುವ ಚಿಕ್ಕ ಚಿಕ್ಕ ಕೋಶಗಳಲ್ಲಿ.

ಕಳೆದ ಬಾರಿ ನಾನು ನೋಡಿದ ಪ್ರೊಫೈಲ್‌ಗಳಲ್ಲಿ ಒಂದನ್ನು ವಿವರವಾಗಿ ಹೇಳಿದರೆ ಇದು ಸ್ಪಷ್ಟವಾಗುತ್ತದೆ. ಆಕೆ ನಮ್ಮ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ, ಬೆಂಗಳೂರಿನ ಸಾಫ್ಟ್‌ವೇರ್ ಸೇವಾ ಕಂಪನಿಯೊಂದರಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರನ್ನು ಪರೀಕ್ಷಿಸುವ ಕೆಲಸ ಮಾಡಿ, ಬಳಿಕ ಸ್ಟುಟ್‌ಗಾರ್ಟ್‌ನಲ್ಲಿ ಎಂ.ಎಸ್‌ಸಿ. ಮುಗಿಸಿದ್ದಳು. ಹೆಸರಿನ ಕೆಳಗಿನ ಶೀರ್ಷಿಕೆಯಲ್ಲಿ ತಾನು ಉತ್ಸಾಹಿ ವಿದ್ಯಾರ್ಥಿನಿ, ಜರ್ಮನಿಯಲ್ಲಿ ಅವಕಾಶಗಳನ್ನು ಹುಡುಕುತ್ತಿದ್ದೇನೆ ಎಂದು ಬರೆದಿದ್ದಳು. ಊರಿನ ಕೋಶದಲ್ಲಿ ಇನ್ನೂ ಬೆಂಗಳೂರು ಇತ್ತು. ಹಿಂದಿನ ಹುದ್ದೆಯ ಹೆಸರು ಸಿಸ್ಟಮ್ಸ್ ಎಂಜಿನಿಯರ್ ಎಂದಷ್ಟೇ ಇತ್ತು.

ಆಕೆಯ ತೊಂದರೆ ಎಲ್ಲಿದೆ ಎಂಬುದನ್ನು ತಾಣವೇ ತೋರಿಸುತ್ತಿತ್ತು. ಹುಡುಕಾಟಗಳಲ್ಲಿ ನಾವು ಎಷ್ಟು ಸಲ ಕಾಣಿಸಿಕೊಂಡೆವು ಎಂಬುದನ್ನು ಲಿಂಕ್ಡ್‌ಇನ್ `Search appearances` ಎಂಬ ಹೆಸರಿನಲ್ಲಿ ತಿಳಿಸುತ್ತದೆ. ಅಲ್ಲಿನ ಸಂಖ್ಯೆಗಿಂತ ಅದರ ಕೆಳಗಿರುವ ವಿವರ ಮುಖ್ಯ: ಹುಡುಕಿದವರು ಯಾವ ಕಂಪನಿಗಳವರು, ಅವರ ಹುದ್ದೆಗಳೇನು. ಆಕೆಯ ಪುಟದಲ್ಲಿ ಕಂಡವರು ಬಹುತೇಕ ಭಾರತದ ಐ.ಟಿ. ಸೇವಾ ಕಂಪನಿಗಳವರು. ಪ್ರೊಫೈಲ್ ಯಾರಿಗೂ ಕಾಣುತ್ತಿರಲಿಲ್ಲ ಎಂದಲ್ಲ. ಬೇಡದ ಕಡೆ ಕಾಣುತ್ತಿತ್ತು. ಈ ಎರಡು ತೊಂದರೆಗಳಿಗೆ ಮದ್ದು ಬೇರೆ ಬೇರೆಯಾದ್ದರಿಂದ, ಏನನ್ನಾದರೂ ತಿದ್ದುವ ಮೊದಲು ಈ ವಿವರವನ್ನು ನೋಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಊರನ್ನು ಸ್ಟುಟ್‌ಗಾರ್ಟ್ ಎಂದು ಬದಲಿಸಿದ್ದು ಮೊದಲ ತಿದ್ದುಪಡಿ. ಇನ್ನೂ ಭಾರತದಲ್ಲೇ ಇರುವವರು ಮಾತ್ರ ಹೀಗೆ ಸುಳ್ಳು ಊರು ಹಾಕಬಾರದು. ಅವರು `Open to work` ವ್ಯವಸ್ಥೆಯಲ್ಲಿ ತಾವು ಹೋಗಲು ಸಿದ್ಧವಿರುವ ಊರುಗಳನ್ನು ಸೇರಿಸಿದರೆ ಸಾಕು, ಏಕೆಂದರೆ ಸ್ಥಳಾಂತರಕ್ಕೆ ಸಿದ್ಧರಿರುವವರನ್ನೂ ಸೇರಿಸಿ ಹುಡುಕುವ ಆಯ್ಕೆ ನೇಮಕಾತಿದಾರರ ಸಾಧನದಲ್ಲಿದೆ. ಶೀರ್ಷಿಕೆಗೆ 220 ಅಕ್ಷರಗಳವರೆಗೆ ಅವಕಾಶವಿದ್ದರೂ ಮೊಬೈಲ್‌ನ ಪಟ್ಟಿಯಲ್ಲಿ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ. ಉತ್ಸಾಹಿ ಎಂಬ ಪದವನ್ನು ಹಾಕಿ ಎಂಜಿನಿಯರನ್ನು ಹುಡುಕುವವರು ಯಾರೂ ಇಲ್ಲ. ಕೊನೆಗೆ ಉಳಿದದ್ದು ಇಷ್ಟು:

```
Embedded Software Engineer (C, AUTOSAR, CAN) | M.Sc. Stuttgart | Deutsch B1
```

ಇದರ ಪ್ರತಿಯೊಂದು ತುಣುಕೂ ಯಾರೋ ಒಬ್ಬರು ನಿಜವಾಗಿ ಹುಡುಕುವ ಪದ. ಕೊನೆಯ ತುಣುಕಿಗೆ ವಿಶೇಷ ಕಾರಣವಿದೆ. ಭಾಷಾಜ್ಞಾನವನ್ನು ಅಳೆಯಲು ಲಿಂಕ್ಡ್‌ಇನ್‌ನಲ್ಲಿರುವುದು ಅದರದ್ದೇ ಐದು ಹಂತಗಳ ಅಳತೆ. ಜರ್ಮನಿಯಲ್ಲಿ ಎಲ್ಲರೂ ಮಾತಾಡುವುದು ಎ1ರಿಂದ ಸಿ2ರವರೆಗಿನ ಯುರೋಪಿನ ಮಟ್ಟಗಳ ಲೆಕ್ಕದಲ್ಲಿ. ಆ ಮಟ್ಟವನ್ನು ನಾವೇ ಪದಗಳಲ್ಲಿ ಬರೆಯದಿದ್ದರೆ ನೇಮಕಾತಿದಾರರು ಊಹಿಸಬೇಕಾಗುತ್ತದೆ, ಮತ್ತು ಆ ಊಹೆ ಸಾಮಾನ್ಯವಾಗಿ ನಮ್ಮ ಪರವಾಗಿ ಇರುವುದಿಲ್ಲ.

ಹುದ್ದೆಯ ಹೆಸರಿನ ಸಮಸ್ಯೆ ಇದಕ್ಕಿಂತ ಆಳದ್ದು, ಕರ್ನಾಟಕದಿಂದ ಬರುವ ಬಹಳ ಮಂದಿಗೆ ತಟ್ಟುವಂಥದ್ದು. ನಮ್ಮ ಐ.ಟಿ. ಕಂಪನಿಗಳಲ್ಲಿ ಸಿಸ್ಟಮ್ಸ್ ಎಂಜಿನಿಯರ್ ಎನ್ನುವುದು ಹೊಸದಾಗಿ ಸೇರಿದವರಿಗೆ, ಅವರು ಯಾವ ಕೆಲಸ ಮಾಡುತ್ತಿದ್ದರೂ, ಕೊಡುವ ದರ್ಜೆಯ ಹೆಸರು. ಜರ್ಮನಿಯ ವಾಹನೋದ್ಯಮದಲ್ಲಿ ಅದೊಂದು ಪ್ರತ್ಯೇಕ ವೃತ್ತಿ: ಇಡೀ ವ್ಯವಸ್ಥೆಯ ಅಗತ್ಯಗಳನ್ನು ಬರೆದು, ಅದರ ಭಾಗಗಳು ಒಂದಕ್ಕೊಂದು ಹೇಗೆ ಹೊಂದಬೇಕೆಂದು ನಿರ್ಧರಿಸುವವರ ಕೆಲಸ. ಆ ಹೆಸರಿನಿಂದ ಹುಡುಕಿದವರಿಗೆ ಆಕೆ ಸಿಕ್ಕರೂ ಉಪಯೋಗವಿಲ್ಲ, ಆಕೆಯಂಥವರನ್ನೇ ಹುಡುಕುವವರಿಗೆ ಆಕೆ ಸಿಗುವುದಿಲ್ಲ. ಹಾಗೆಂದು ಹುದ್ದೆಯ ಹೆಸರನ್ನೇ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಅನುಭವ ಪತ್ರದಲ್ಲಿ ಇರುವುದಕ್ಕೂ ಪ್ರೊಫೈಲ್‌ನಲ್ಲಿ ಇರುವುದಕ್ಕೂ ತಾಳೆಯಾಗದಿದ್ದರೆ ಸಂದರ್ಶನದಲ್ಲಿ ಅದು ಅಪ್ರಾಮಾಣಿಕತೆಯಾಗಿ ಕಾಣುತ್ತದೆ. ಪತ್ರದಲ್ಲಿರುವ ಹೆಸರನ್ನು ಹಾಗೆಯೇ ಉಳಿಸಿ, ಅದರ ಪಕ್ಕದಲ್ಲೇ ಕಂಸದೊಳಗೆ ಎಂಬೆಡೆಡ್ ಸಾಫ್ಟ್‌ವೇರ್ ಪರೀಕ್ಷೆ ಎಂಬ ನಿಜವಾದ ಕೆಲಸವನ್ನು ಇಂಗ್ಲಿಷಿನಲ್ಲಿ ಸೇರಿಸಿದೆವು.

ಆಕೆ ತನ್ನ ಮಾಸ್ಟರ್ ಪ್ರಬಂಧವನ್ನು ಒಂದು ಕಂಪನಿಯಲ್ಲೇ ಮಾಡಿದ್ದಳು. ಅದನ್ನು ಶಿಕ್ಷಣದ ಕೆಳಗೆ ಒಂದು ಸಾಲಾಗಿ ಅಡಗಿಸದೆ ಅನುಭವದ ಭಾಗದಲ್ಲಿ ಬೇರೆಯಾಗಿ ದಾಖಲಿಸಿದ್ದರಿಂದ ಆ ಕಂಪನಿಯ ಹೆಸರಿನಿಂದ ಹುಡುಕಿದಾಗಲೂ ಪ್ರೊಫೈಲ್ ಬರುವಂತಾಯಿತು. ಇಲ್ಲಿ ಒಂದು ಎಚ್ಚರಿಕೆ ಬೇಕು: ಜರ್ಮನ್ ಕಂಪನಿಗಳಲ್ಲಿ ಮಾಡಿದ ಪ್ರಬಂಧಗಳಿಗೆ ಅನೇಕ ವೇಳೆ ಸ್ಪೆರ್‌ಫೆರ್ಮೆರ್ಕ್ ಎಂಬ ಗೋಪ್ಯತೆಯ ಷರತ್ತು ಇರುತ್ತದೆ. ಅಂಥ ಪ್ರಬಂಧದ ಬಗ್ಗೆ ಬಳಸಿದ ಸಾಧನಗಳನ್ನೂ ವಿಷಯದ ಸ್ಥೂಲ ಹೆಸರನ್ನೂ ಬಿಟ್ಟು ಫಲಿತಾಂಶಗಳನ್ನಾಗಲಿ ಚಿತ್ರಗಳನ್ನಾಗಲಿ ಹಾಕಬಾರದು. ಆ ಅಷ್ಟಕ್ಕೂ ಮೊದಲು ಮಾರ್ಗದರ್ಶಕರ ಒಪ್ಪಿಗೆ ಕೇಳುವುದು ಒಳ್ಳೆಯದು.

ಇನ್ನು ಹಿರಿಯರ ವಿಷಯ. ಈ ತಾಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಎನಿಸಿರುವುದು ಕಾಲೇಜಿನ ಪುಟದಲ್ಲಿರುವ `Alumni` ಎಂಬ ಭಾಗ. ಅಲ್ಲಿ ಹಳೆಯ ವಿದ್ಯಾರ್ಥಿಗಳು ಎಲ್ಲಿ ವಾಸಿಸುತ್ತಾರೆ, ಯಾವ ಕಂಪನಿಯಲ್ಲಿದ್ದಾರೆ, ಯಾವ ಕೆಲಸ ಮಾಡುತ್ತಾರೆ ಎಂಬುದನ್ನು ಪಟ್ಟಿಗಳಾಗಿ ಕೊಟ್ಟಿರುತ್ತಾರೆ. ಜರ್ಮನಿ ಎಂಬುದನ್ನು ಒತ್ತಿ, ಕಂಪನಿಯ ಹೆಸರನ್ನು ಒತ್ತಿದರೆ ಅಲ್ಲಿರುವ ನಮ್ಮವರು ಕಾಣುತ್ತಾರೆ. ಬಾಷ್ ಮತ್ತು ಮರ್ಸಿಡಿಸ್-ಬೆಂಜ್ ಎರಡಕ್ಕೂ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳಿದ್ದು, ಎರಡರ ಮೂಲ ನೆಲೆಯೂ ಸ್ಟುಟ್‌ಗಾರ್ಟ್ ಪ್ರದೇಶವೇ ಆಗಿರುವುದರಿಂದ ಕರ್ನಾಟಕದ ಕಾಲೇಜುಗಳವರಿಗೆ ಈ ಹುಡುಕಾಟ ಬರಿಗೈಯಲ್ಲಿ ಮುಗಿಯುವುದು ಅಪರೂಪ.

ಆದರೆ ಈ ಪಟ್ಟಿಯಲ್ಲಿ ನಾವು ಸೇರಬೇಕಾದರೆ ಶಿಕ್ಷಣದ ಕೋಶದಲ್ಲಿ ಕಾಲೇಜಿನ ಹೆಸರನ್ನು ಬರೆದರಷ್ಟೇ ಸಾಲದು, ಬರೆಯುವಾಗ ಕೆಳಗೆ ತೆರೆದುಕೊಳ್ಳುವ ಪಟ್ಟಿಯಿಂದ ಅಧಿಕೃತ ಪುಟವನ್ನು ಆರಿಸಬೇಕು. ಆರಿಸಿದ್ದರೆ ಹೆಸರಿನ ಪಕ್ಕ ಕಾಲೇಜಿನ ಲಾಂಛನ ಬರುತ್ತದೆ. ಬೂದು ಬಣ್ಣದ ಖಾಲಿ ಚೌಕವಿದ್ದರೆ ಆ ಕೊಂಡಿ ಬೆಸೆದಿಲ್ಲ ಎಂದರ್ಥ. ಇಂಥ ಪ್ರೊಫೈಲ್ ಹಿರಿಯರು ಮಾಡುವ ಹುಡುಕಾಟದಲ್ಲೂ ಬರುವುದಿಲ್ಲ.

ನಮ್ಮ ರಾಜ್ಯದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಪದವಿ ಪ್ರಮಾಣಪತ್ರ ಕೊಡುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಓದಿದ್ದು ಅದಕ್ಕೆ ಸೇರಿದ ಒಂದು ಕಾಲೇಜು, ಆ ಕಾಲೇಜಿನ ಹೆಸರೂ ನಡುವೆ ಬದಲಾಗಿರಬಹುದು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು 2015ರಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಯಿತು, ಸುರತ್ಕಲ್‌ನ ಕೆ.ಆರ್.ಇ.ಸಿ. 2002ರಲ್ಲಿ ಎನ್.ಐ.ಟಿ.ಕೆ. ಆಯಿತು. ಹೀಗೆ ಒಂದೇ ಅಂಗಳದಲ್ಲಿ ಓದಿದವರು ಮೂರು ಹೆಸರುಗಳಡಿ ಹಂಚಿಹೋಗುತ್ತಾರೆ. ವಿ.ಟಿ.ಯು. ಪುಟವನ್ನು ಆರಿಸಿದರೆ ರಾಜ್ಯದ ನೂರಾರು ಕಾಲೇಜುಗಳ ನಡುವೆ ಕಳೆದುಹೋಗುತ್ತೇವೆ, ಹಿರಿಯರೊಡನೆ ಇರುವ ನಂಟು ಅಲ್ಲಿ ಕಾಣುವುದೇ ಇಲ್ಲ. ನಾನು ಹೇಳುವುದು ಹೀಗೆ: ಕಾಲೇಜಿನ ಈಗಿನ ಸಕ್ರಿಯ ಪುಟಕ್ಕೆ ಕೊಂಡಿ ಹಾಕಿ, ಕೆಳಗಿನ ವಿವರಣೆಯಲ್ಲಿ ಹಳೆಯ ಹೆಸರನ್ನೂ ವಿ.ಟಿ.ಯು. ಎಂಬುದನ್ನೂ ಬರೆಯಬೇಕು, ಆಗ ಪದಗಳ ಹುಡುಕಾಟಕ್ಕೂ ಸಿಗುತ್ತೇವೆ. ಒಂದೇ ಪದವಿಯನ್ನು ಎರಡು ನಮೂದುಗಳಾಗಿ ಹಾಕಿದರೆ ಜರ್ಮನ್ ಓದುಗರಿಗೆ ಅದು ಎರಡು ಪದವಿಗಳಂತೆ ಕಾಣುತ್ತದೆ. ಹಿರಿಯರನ್ನು ಹುಡುಕುವಾಗ ಮಾತ್ರ ಹಳೆಯ, ಹೊಸ ಹೆಸರಿನ ಪುಟಗಳು ಬೇರೆ ಬೇರೆ ಇದ್ದರೆ ಎರಡನ್ನೂ ನೋಡಬೇಕು. ಹೆಚ್ಚು ಅನುಭವಿಗಳು ಸಿಗುವುದು ಹಳೆಯದರಲ್ಲೇ.

ಹಿರಿಯರಿಗೆ ಬರೆಯುವ ಮೊದಲ ಸಂದೇಶದಲ್ಲಿ ಕೆಲಸ ಕೊಡಿಸಿ ಎಂದು ಕೇಳಿದವರಿಗೆ ಉತ್ತರ ಬಂದದ್ದನ್ನು ನಾನು ಕಂಡಿಲ್ಲ. ಆಕೆ ಬರೆದದ್ದು ಎರಡೇ ವಾಕ್ಯ: ತಾನು ಯಾವ ವರ್ಷ ಯಾವ ವಿಭಾಗದವಳು ಎಂಬುದು, ಮತ್ತು ಅವರ ತಂಡದಲ್ಲಿ ಬಿ1 ಮಟ್ಟದ ಜರ್ಮನ್ ದಿನದ ಕೆಲಸಕ್ಕೆ ಸಾಲುತ್ತದೆಯೇ ಎಂಬ ಪ್ರಶ್ನೆ. ಒಬ್ಬ ಹಿರಿಯರು, ಸಭೆಗಳು ಇಂಗ್ಲಿಷಿನಲ್ಲಿ ನಡೆದರೂ ದಾಖಲೆಗಳೆಲ್ಲ ಜರ್ಮನ್‌ನಲ್ಲಿವೆ ಎಂದು ಸವಿವರವಾಗಿ ಉತ್ತರಿಸಿ, ಬಿ2 ಮುಗಿಸಿದ ಮೇಲೆ ಮತ್ತೆ ಬರೆಯಮ್ಮ ಎಂದಿದ್ದರು. ಉಚಿತ ಖಾತೆಯಲ್ಲಿ ಟಿಪ್ಪಣಿ ಸೇರಿಸಿ ಕಳಿಸಬಹುದಾದ ಕೋರಿಕೆಗಳು ತಿಂಗಳಿಗೆ ಕೆಲವೇ ಆದ್ದರಿಂದ ಅವನ್ನು ಹೀಗೆ ಆಯ್ದವರಿಗೇ ಬಳಸಬೇಕು.

ಜರ್ಮನ್‌ನಲ್ಲಿ ಎರಡನೆಯ ಪ್ರೊಫೈಲ್ ಸೇರಿಸುವ ಸೌಲಭ್ಯವೂ ಇದೆ. ತಾಣವನ್ನು ಜರ್ಮನ್‌ನಲ್ಲಿ ಬಳಸುವವರಿಗೆ ಅದೇ ಕಾಣುತ್ತದೆ. ಆದರೆ ಅದನ್ನು ನೋಡಿ ಕರೆ ಮಾಡುವವರು ಜರ್ಮನ್‌ನಲ್ಲೇ ಮಾತು ಶುರು ಮಾಡುತ್ತಾರೆ, ಆದ್ದರಿಂದ ಫೋನಿನಲ್ಲಿ ಹತ್ತು ನಿಮಿಷ ನಿಭಾಯಿಸಲಾಗದವರು ಅದನ್ನು ಹಾಕದಿರುವುದೇ ಮೇಲು. ಪರಿಚಯದ ಮೊದಲ ಸಾಲುಗಳಲ್ಲಿ ಕೆಲಸದ ಅನುಮತಿಯ ಬಗ್ಗೆ ಒಂದು ವಾಕ್ಯ ಇರಲೇಬೇಕು. ಜರ್ಮನಿಯಲ್ಲಿ ಪದವಿ ಪಡೆದ ವಿದೇಶೀಯರಿಗೆ ಉದ್ಯೋಗ ಹುಡುಕಲು 18 ತಿಂಗಳವರೆಗಿನ ವಾಸದ ಪರವಾನಗಿ ಸಿಗುತ್ತದೆ, ಆ ಅವಧಿಯಲ್ಲಿ ಯಾವ ಕೆಲಸವನ್ನಾದರೂ ಮಾಡಬಹುದು. ಇದು ಗೊತ್ತಿಲ್ಲದ ಸಣ್ಣ ಕಂಪನಿಗಳು ವೀಸಾ ತೊಡಕಿನ ಭಯಕ್ಕೆ ಮುಂದಿನ ಹೆಸರಿಗೆ ಹೋಗಿಬಿಡುತ್ತವೆ.

`Open to work` ಸೂಚನೆಯನ್ನು ನೇಮಕಾತಿದಾರರಿಗಷ್ಟೇ ಕಾಣುವಂತೆ ಇಡಬಹುದು. ಈಗಾಗಲೇ ಎಲ್ಲೋ ಅರೆಕಾಲಿಕ ಕೆಲಸದಲ್ಲಿರುವ ವಿದ್ಯಾರ್ಥಿಗಳು ಗಮನಿಸಬೇಕಾದದ್ದು, ತಮ್ಮದೇ ಕಂಪನಿಯವರಿಗೆ ಅದು ಕಾಣದಂತೆ ತಾಣ ಪ್ರಯತ್ನಿಸುತ್ತದೆಯೇ ಹೊರತು ಪೂರ್ಣ ಖಾತರಿ ಕೊಡುವುದಿಲ್ಲ.

ತಿದ್ದಿದ ಕೆಲವು ವಾರಗಳಲ್ಲಿ ಆಕೆಯನ್ನು ಹುಡುಕಿದವರ ಪಟ್ಟಿಯಲ್ಲಿ ಜರ್ಮನಿಯ ವಾಹನ ಬಿಡಿಭಾಗ ಕಂಪನಿಗಳ ಹೆಸರುಗಳು ಬರತೊಡಗಿದವು. ಹಣ ಕೊಟ್ಟು ಪಡೆಯುವ ಪ್ರೀಮಿಯಂ ಖಾತೆ ಇದಕ್ಕೆ ಬೇಕಾಗಲಿಲ್ಲ. ಯಾರು ನೋಡಿದರೆಂಬ ವಿವರ ಮತ್ತು ಅಪರಿಚಿತರಿಗೆ ಸಂದೇಶ ಕಳಿಸುವ ಅವಕಾಶ ಬೇಕೆನಿಸಿದವರು ಹುಡುಕಾಟದ ಬಿರುಸಿನ ಒಂದೆರಡು ತಿಂಗಳಿಗೆ ಪಡೆದರೆ ಸಾಕು. ಈ ತಾಣದ ನಿಜವಾದ ಮಿತಿ ಬೇರೆ. ಜರ್ಮನಿಯ ಸಣ್ಣ ಪಟ್ಟಣಗಳಲ್ಲಿರುವ ಮಧ್ಯಮ ಗಾತ್ರದ ಕುಟುಂಬ ಕಂಪನಿಗಳಲ್ಲಿ ಅನೇಕವು ಇಲ್ಲಿ ಯಾರನ್ನೂ ಹುಡುಕುವುದಿಲ್ಲ. ತಮ್ಮ ಜಾಲತಾಣದಲ್ಲಿ ಅಥವಾ ಸ್ಟೆಪ್‌ಸ್ಟೋನ್‌ನಲ್ಲಿ ಪ್ರಕಟಣೆ ಹಾಕಿ ಅರ್ಜಿಗಾಗಿ ಕಾಯುತ್ತವೆ. ಅಂಥವರಿಗೆ ಆಕೆ ಪ್ರತ್ಯೇಕವಾಗಿ ಜರ್ಮನ್‌ನಲ್ಲಿ ಅರ್ಜಿ ಬರೆಯಬೇಕಾಯಿತು, ಪ್ರೊಫೈಲ್‌ನ ಕೊಂಡಿ ಅದರಲ್ಲಿ ಒಂದು ಸಾಲು ಮಾತ್ರ.