ಬಿಲ್ ಡೌನ್‌ಲೋಡ್ ಆಯ್ತು ಅಂತ ಸುಮ್ಮನಾಗಬೇಡಿ, ನನಗೆ 2,160 ರೂಪಾಯಿ ಹೋಯಿತು

ಬರೆಯೋಕೆ ನಾಚಿಕೆ ಆಗುತ್ತೆ. ಆರು ವರ್ಷದಿಂದ ಧಾರವಾಡದಲ್ಲಿ ಚಟ್ನಿಪುಡಿ ವ್ಯಾಪಾರ ಮಾಡುತ್ತಿದ್ದೇನೆ, ಜಿಎಸ್‌ಟಿ ನಂಬರ್ ಇದೆ, ತಿಂಗಳು ತಿಂಗಳು ಆಡಿಟರ್ ಹತ್ತಿರ ಬಿಲ್ ಕಟ್ಟು ಒಯ್ಯುತ್ತೇನೆ. ಆದರೂ ಮೋಸ ಹೋದೆ.

ಮಾರ್ಚ್ ಮೊದಲ ವಾರ ಪ್ಯಾಕೆಟ್ ಸೀಲ್ ಮಾಡುವ ಮಷಿನ್ ಬೇಕಾಗಿತ್ತು. ಬೆಂಗಳೂರಿನ ಒಂದು ಸಣ್ಣ ಆನ್‌ಲೈನ್ ಅಂಗಡಿಯಲ್ಲಿ ಸಿಕ್ಕಿತು. 12,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ 2,160, ಒಟ್ಟು 14,160. ಆರ್ಡರ್ ಹಾಕುವಾಗ ನನ್ನ ಜಿಎಸ್‌ಟಿ ನಂಬರ್ ಕೇಳುವ ಜಾಗವೇ ಇರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಮಷಿನ್ ಬಂತು, ಚೆನ್ನಾಗಿಯೇ ಇದೆ. ಅದರ ಬಗ್ಗೆ ತಕರಾರಿಲ್ಲ.

ತಕರಾರು ಬಿಲ್‌ನದು. `Download Invoice` ಒತ್ತಿದರೆ ಬಂದದ್ದು ಒಂದು ಚೀಟಿ. ಆರ್ಡರ್ ನಂಬರ್, ಮಷಿನ್ ಫೋಟೊ, ಕಟ್ಟಿದ ದುಡ್ಡು, ಕೆಳಗೆ "ಧನ್ಯವಾದ". ಅಂಗಡಿಯ ಜಿಎಸ್‌ಟಿ ನಂಬರ್ ಇಲ್ಲ, ನನ್ನದಂತೂ ಇಲ್ಲವೇ ಇಲ್ಲ. ಟ್ಯಾಕ್ಸ್ ಎಷ್ಟು ಅನ್ನುವುದನ್ನೂ ಬೇರೆ ತೋರಿಸಿಲ್ಲ. ಅದು ದುಡ್ಡು ಮುಟ್ಟಿದ್ದಕ್ಕೆ ರಸೀತಿ ಅಷ್ಟೇ. ಅದರ ಮೇಲೆ ಟ್ಯಾಕ್ಸ್ ಕ್ರೆಡಿಟ್ ತಗೊಳ್ಳೋಕೆ ಬರಲ್ಲ, ಅಂದರೆ ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ನಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳೋಕೆ ಆಗಲ್ಲ.

ವಾಟ್ಸಾಪ್ ಮಾಡಿದೆ. "ಮೇಡಂ, ಡೌನ್‌ಲೋಡ್ ಆಗಿದೆಯಲ್ಲ, ಅದೇ ಇನ್‌ವಾಯ್ಸ್" ಅಂದರು. ಅಲ್ಲ ಸರ್, ಅದು ರಸೀತಿ ಅಂದೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ "ಈಗ ನೋಡಿ ಮೇಡಂ" ಅಂದರು. ಈ ಸಲ ಮೇಲ್ಗಡೆ `Tax Invoice` ಅಂತಿತ್ತು. ಅವರ ಜಿಎಸ್‌ಟಿ ನಂಬರ್, ನನ್ನದು, ಸಿಜಿಎಸ್‌ಟಿ 1,080, ಎಸ್‌ಜಿಎಸ್‌ಟಿ 1,080. ಖುಷಿಯಾಗಿ ಪ್ರಿಂಟ್ ತೆಗೆದು ಫೈಲಿಗೆ ಹಾಕಿದೆ. ಥ್ಯಾಂಕ್ಸ್ ಬೇರೆ ಹೇಳಿದೆ!

26ಕ್ಕೆ ಆಡಿಟರ್ ಆಫೀಸಿಗೆ ಹೋದಾಗ ಫೈಲ್ ಮನೆಯಲ್ಲೇ ಬಿಟ್ಟು ಹೋಗಿದ್ದೆ. ಫೋನಿನಲ್ಲೇ ಮತ್ತೆ ಡೌನ್‌ಲೋಡ್ ಮಾಡಿ ಕಳಿಸಿದೆ. ಸಂಜೆ ಮನೆಗೆ ಬಂದು ಹಳೇ ಪ್ರಿಂಟ್ ಪಕ್ಕ ಇಟ್ಟು ನೋಡಿದರೆ:

```
Invoice No: INV-1803   Date: 18/03
Invoice No: INV-2603   Date: 26/03
```

ಅದೇ ಮಷಿನ್, ಅದೇ ದುಡ್ಡು, ಎರಡು ಬಿಲ್. ನಾನು ಬಟನ್ ಒತ್ತಿದ ದಿನವೇ ಬಿಲ್ಲಿನ ದಿನ! ಅಂದರೆ ಅವರ ಲೆಕ್ಕದಲ್ಲಿ ಬಿಲ್ಲೇ ಇಲ್ಲ. ಒತ್ತಿದಾಗೆಲ್ಲ ಸೈಟು ಹೊಸದಾಗಿ ಒಂದು ಪಿಡಿಎಫ್ ಹುಟ್ಟಿಸುತ್ತೆ. ನಿಜವಾದ ಬಿಲ್ಲಿಗೆ ಒಂದೇ ನಂಬರ್, ಅದೂ ಆ ಹಣಕಾಸು ವರ್ಷದಲ್ಲಿ ಸಾಲಾಗಿ ಬರಬೇಕು, ಇನ್ನೊಂದು ಬಿಲ್ಲಿಗೆ ಅದೇ ನಂಬರ್ ಬರಬಾರದು. ಇಲ್ಲಿ ನಾನು ಒತ್ತಿದ ದಿನ ಇನ್ಯಾರಾದರೂ ಒತ್ತಿದ್ದರೆ ಅವರಿಗೂ ಇದೇ ನಂಬರ್ ಹೋಗಿರುತ್ತೆ, ಅಲ್ವಾ?

ಫೋನ್ ಮಾಡಿದೆ. ಅವರು ಹೇಳಿದ್ದು ಇದು: "ಡೌನ್‌ಲೋಡ್ ಮಾಡಿದ ದಿನದ ಡೇಟ್ ಬರುತ್ತೆ ಮೇಡಂ, ಸಿಸ್ಟಮ್ ಹಂಗೇ. ಎರಡು ಬಿಲ್ ಇದ್ರೆ ನಿಮಗೇ ಲಾಭ ಅಲ್ವಾ?" ಅಂದು ನಕ್ಕರು. ನಕ್ಕರು! ಆ ನಗು ಇನ್ನೂ ಕಿವಿಯಲ್ಲಿದೆ.

ಮರುದಿನ ಆಡಿಟರ್ ಆ ಅಂಗಡಿಯ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನ `Search Taxpayer` ನಲ್ಲಿ ಹಾಕಿದರು. ಅರ್ಧ ನಿಮಿಷದ ಕೆಲಸ. `Taxpayer Type` ಎದುರಿಗೆ `Composition`. "ಅಕ್ಕಾವ್ರೇ, ಇವರು ನಿಮ್ಮಿಂದ ಟ್ಯಾಕ್ಸ್ ತಗೊಳ್ಳೋ ಹಂಗೇ ಇಲ್ಲ" ಅಂದರು. ಕಾಂಪೊಸಿಷನ್ ವ್ಯಾಪಾರಿ ತನ್ನ ವಹಿವಾಟಿನ ಮೇಲೆ ಸಣ್ಣ ಪಾಲು ಟ್ಯಾಕ್ಸ್ ತಾನೇ ಕಟ್ಟಬೇಕು. ಗಿರಾಕಿಗೆ ಕೊಡಬೇಕಾದದ್ದು ಬಿಲ್ ಆಫ್ ಸಪ್ಲೈ, ಅದರಲ್ಲಿ ಟ್ಯಾಕ್ಸ್ ಸಾಲೇ ಇರಬಾರದು. ಬಿಲ್ ಎಷ್ಟೇ ಚೆಂದ ಮಾಡಿಕೊಟ್ಟರೂ ನನಗೆ ಸಿಗುವ ಕ್ರೆಡಿಟ್ ತೋರಿಸುವ ಪೋರ್ಟಲ್ ಪಟ್ಟಿ ಜಿಎಸ್‌ಟಿಆರ್-2ಬಿ ಯಲ್ಲಿ ಅದು ಬರೋದೇ ಇಲ್ಲ. ಅಲ್ಲಿ ಬರದಿದ್ದರೆ ಕ್ರೆಡಿಟ್ ಇಲ್ಲ. ಆ 2,160 ಸರ್ಕಾರಕ್ಕೂ ಹೋಗಿರಲಿಕ್ಕಿಲ್ಲ, ನನಗಂತೂ ವಾಪಸ್ ಬರಲಿಲ್ಲ.

ದುಡ್ಡು ವಾಪಸ್ ಕೇಳಿದೆ. "ಮೇಡಂ, ಜಿಎಸ್‌ಟಿ ಇಲ್ಲದ ರೇಟ್ ಬೇರೆ ಇತ್ತು, ನೀವು ಕೇಳಲಿಲ್ಲ." ಅಂದರೆ ತಪ್ಪು ನನ್ನದೇ! ಆಮೇಲೆ 500 ರೂಪಾಯಿ ಕೂಪನ್ ಕಳಿಸಿದರು. ಅದೇ ಅಂಗಡಿಯಲ್ಲಿ ಇನ್ನೊಂದು ಸಲ ಕೊಳ್ಳೋಕೆ.

ನೀವು ಜಿಎಸ್‌ಟಿ ನಂಬರ್ ಇಟ್ಟುಕೊಂಡು ವ್ಯಾಪಾರ ಮಾಡುವವರಾದರೆ ದುಡ್ಡು ಕಟ್ಟುವ ಮೊದಲೇ ಅಂಗಡಿಯ ನಂಬರ್ ಕೇಳಿ, ಪೋರ್ಟಲ್‌ನಲ್ಲಿ ಹಾಕಿ, `Regular` ಅಂತ ಇದೆಯಾ ನೋಡಿ. ಕೊಡೋಕೆ ಎಳೆದಾಡಿದರೆ ಬಿಟ್ಟುಬಿಡಿ. ಬಿಲ್ ಬಂದ ಮೇಲೆ ಒಂದೆರಡು ದಿನ ಬಿಟ್ಟು ಇನ್ನೊಂದು ಸಲ ಡೌನ್‌ಲೋಡ್ ಮಾಡಿ ನೋಡಿ. ಹಳೇ ಕಾಪಿ ಅಳಿಸಬೇಡಿ, ನನ್ನ ಹತ್ತಿರ ಪ್ರಿಂಟ್ ಇಲ್ಲದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಮೊನ್ನೆ ಸಿಟ್ಟಿಗೆ ಮತ್ತೊಮ್ಮೆ ಒತ್ತಿದೆ. ಮೊನ್ನೆಯ ತಾರೀಕಿನ ಬಿಲ್ ಬಂತು.