ಸಂಘದ ಪಟ್ಟಿ ಕೊಟ್ಟು ನಾನು ಅನುಭವಿಸಿದ್ದು: ಚುನಾವಣೆಗೆ ಮೊದಲು ಇದನ್ನು ಓದಿ

ಸ್ತ್ರೀಶಕ್ತಿ ಸಂಘ ನಡೆಸುವ ಅಕ್ಕ-ತಂಗಿಯರೇ, ಅದರಲ್ಲೂ ಸಂಘದ ಪುಸ್ತಕ ಬರೆಯುವವರೇ, ಇದು ನಿಮಗೆ. ಚುನಾವಣೆ ಹತ್ತಿರ ಬಂದಾಗ ಪರಿಚಯದ ಅಣ್ಣನೊಬ್ಬ ಬಂದು "ಬರೀ ಹೆಸರು, ಫೋನ್ ನಂಬರ್ ಸಾಕ್ರಿ ಅಕ್ಕಾರ" ಅಂದರೆ ಕೊಡಬೇಡಿ. ನಾನು ಕೊಟ್ಟೆ. ಕೈಯಿಂದ ಆರು ಸಾವಿರ ಹೋಯಿತು. ಒಂಬತ್ತು ವರ್ಷ ನಡೆಸಿದ ಸಂಘದಿಂದ ಐದು ಜನ ಎದ್ದು ಹೋದರು.

ನಮ್ಮದು ಗದಗ ಜಿಲ್ಲೆ. ಊರಿನ ಹೆಸರು ಬೇಡ. ಪಕ್ಷದ ಹೆಸರೂ ಬೇಡ, ಯಾಕಂದ್ರೆ ಹಿಂದಿನ ಓಣಿಯಲ್ಲಿ ಆ ಕಡೆಯವರೂ ಇದನ್ನೇ ಮಾಡಿದರು. ನಾನು ಮನೆಯಲ್ಲಿ ಜಂಪರ್ ಹೊಲೆಯುತ್ತೇನೆ. ಸಂಘದಲ್ಲಿ 16 ಜನ ಇದ್ದೆವು. ಪ್ರತಿ ಶುಕ್ರವಾರ ಸಂಜೆ ನಮ್ಮ ಕಟ್ಟೆ ಮೇಲೆ ಸಭೆ, ಠರಾವು ಪುಸ್ತಕ ನನ್ನ ಹತ್ತಿರ.

ಆ ಅಣ್ಣನನ್ನು ಕೆಟ್ಟವನು ಅಂತ ಒಂದೇ ಮಾತಿನಲ್ಲಿ ಹೇಳೋಕೆ ಆಗಲ್ಲ. ಕಷ್ಟಕ್ಕೆ ಆಗುವವನು. ನನ್ನ ನಾದಿನಿಗೆ ರಾತ್ರಿ ಒಂದು ಗಂಟೆಗೆ ಹೆರಿಗೆ ನೋವು ಬಂದಾಗ ಹುಬ್ಬಳ್ಳಿಗೆ ಗಾಡಿ ಮಾಡಿಸಿಕೊಟ್ಟವನು ಅವನೇ. ರೇಷನ್ ಕಾರ್ಡಿಗೆ ಸೊಸೆ ಹೆಸರು ಸೇರಿಸೋದು, ಆಧಾರ್ ತಿದ್ದಿಸೋದು, ಪಿಂಚಣಿ ಅರ್ಜಿ, ಎಲ್ಲದಕ್ಕೂ ಓಣಿಯವರು ಅವನ ಮನೆಗೇ ಹೋಗುತ್ತಿದ್ದರು. ಬೈಕಿನ ಸೈಡ್ ಬ್ಯಾಗಿನಲ್ಲಿ ಯಾವಾಗಲೂ ನಾಲ್ಕು ಜನರ ಆಧಾರ್ ಜೆರಾಕ್ಸ್ ಇರುತ್ತಿದ್ದವು. ಕೆಲಸ ಆದಮೇಲೆ ಒಂದೇ ಮಾತು: "ಸಾಹೇಬ್ರಿಗೆ ಹೇಳಿ ಮಾಡ್ಸೀನ್ರಿ." ಸಾಹೇಬ್ರು ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತು. ಆ ಕೆಲಸಗಳಲ್ಲಿ ಮುಕ್ಕಾಲು ಭಾಗ ಯಾವ ಸಾಹೇಬರೂ ಇಲ್ಲದೆ ನಾಡಕಚೇರಿಯಲ್ಲಿ ಆಗುವಂಥವು ಅಂತ ನನಗೆ ಗೊತ್ತಾಗಿದ್ದು ಆಮೇಲೆ.

2023ರ ವಿಧಾನಸಭಾ ಚುನಾವಣೆ ಮೇ 10ಕ್ಕೆ ಇತ್ತು. ಮಾರ್ಚ್‌ನಲ್ಲೇ ಅವನು ಪಟ್ಟಿ ಕೇಳಿದ. ಸಂಘಕ್ಕೆ ಹೊಲಿಗೆ ಮಶಿನ್ ಮಂಜೂರು ಮಾಡಿಸಬೇಕು, ಮೇಲಕ್ಕೆ ಹೆಸರು ಕಳಿಸಬೇಕು ಅಂದ. ನಾನು ಠರಾವು ಪುಸ್ತಕದ ಹಾಳೆಯ ಫೋಟೋ ತೆಗೆದುಕೊಟ್ಟೆ. ಒಂದು ವಾರ ಬಿಟ್ಟು ಮತದಾರರ ಪಟ್ಟಿಯ ಜೆರಾಕ್ಸ್ ಹಿಡಿದುಕೊಂಡು ಬಂದು ನಮ್ಮ ಕಟ್ಟೆ ಮೇಲೇ ಕುಳಿತ. ನಮ್ಮ 16 ಜನರ ಹೆಸರು ಹುಡುಕಿ, ಪ್ರತಿ ಮನೆಯಲ್ಲಿ ಎಷ್ಟು ವೋಟು ಅಂತ ಲೆಕ್ಕ ಹಾಕಿದ. 58 ಬಂತು. ಆಮೇಲೆ ಒಂದೊಂದು ಹೆಸರಿನ ಮುಂದೆ ಗುರುತು ಹಾಕುತ್ತಾ ಹೋದ. ತಮ್ಮ ಪಕ್ಷದವರಿಗೆ ರೈಟ್, ಆ ಕಡೆಯವರಿಗೆ ಇಂಟು, ಗೊತ್ತಿಲ್ಲದವರಿಗೆ ಸೊನ್ನೆ. "ಈಕಿ ಗಂಡ ಯಾ ಕಡಿ ಅದಾನ್ರಿ?" ಅಂತ ನನ್ನನ್ನೇ ಕೇಳಿದ. ನಾನು ಹೇಳಿದೆ. ಈಗ ನೆನಸಿಕೊಂಡರೆ ಅದೇ ನನ್ನ ದೊಡ್ಡ ತಪ್ಪು ಅನಿಸುತ್ತದೆ. ರೊಕ್ಕ ಮುಟ್ಟಿದ್ದು ಅದರ ನಂತರದ ತಪ್ಪು.

ಇವರಿಗೆ ಸಂಘಗಳೇ ಯಾಕೆ ಬೇಕು? ಪಟ್ಟಿ ಸಿದ್ಧ ಇರುತ್ತದೆ, ವಾರಕ್ಕೊಮ್ಮೆ ಎಲ್ಲರೂ ಒಂದೇ ಕಡೆ ಸೇರುತ್ತಾರೆ, ಸಾಲದ ಲೆಕ್ಕದಿಂದ ಒಬ್ಬರ ಮುಖ ಒಬ್ಬರು ನೋಡಲೇಬೇಕು. ಅವನು ಮನೆಮನೆ ತಿರುಗಿದರೆ ಬಾಗಿಲು ಹಾಕಿಕೊಳ್ಳುವವರು, ನಾನು ಹೋದರೆ ಹಾಕಿಕೊಳ್ಳಲ್ಲ, ಅಲ್ವಾ?

ಮತದಾನದ ಹಿಂದಿನ ರಾತ್ರಿಗೆ ನಮ್ಮಲ್ಲಿ ಕತ್ತಲ ರಾತ್ರಿ ಅಂತಾರೆ. ಮೊಹರಂನ ಕತ್ತಲ ರಾತ್ರಿಯ ಹೆಸರೇ ಇದಕ್ಕೂ ಬಂದುಬಿಟ್ಟಿದೆ. ಅವತ್ತು ಒಂಬತ್ತು ಗಂಟೆಗೆ ಬಂದು ಒಂದು ಕವರ್ ಕೊಟ್ಟ. ಒಂದು ವೋಟಿಗೆ 500 ಅಂತ ಮಾತು. 58 ವೋಟಿಗೆ 29,000 ಆಗಬೇಕು. ಕವರಿನಲ್ಲಿ 23,000 ಇತ್ತು. "ಆರು ಸಾವಿರ ಕಮ್ಮಿ ಬಿದ್ದಾವ್ರಿ. ಸಂಘದ ರೊಕ್ಕ ನಿಮ್ಮ ಕಡೆ ಐತಲ್ಲ, ಅದರಾಗ ಹಾಕಿ ಕೊಡ್ರಿ. ನಾಳೆ ಸಂಜೀಕ ತಂದು ಕೊಡ್ತೀನಿ" ಅಂದ. ಬ್ಯಾಂಕಿನ ಕಂತಿಗೆ ಅಂತ ಕೂಡಿಟ್ಟ ದುಡ್ಡು ನನ್ನ ಟ್ರಂಕಿನಲ್ಲಿ ಇರೋದು ಅವನಿಗೆ ಗೊತ್ತಿತ್ತು. ನಾನೇ ಯಾವಾಗಲೋ ಹೇಳಿದ್ದೆ.

ಕವರ್ ಎಲ್ಲಿಡೋದು ಅಂತ ತಿಳಿಯದೆ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದೆ. ಓಣಿಯ ತುದಿಯಲ್ಲಿ ಒಂದು ಜೀಪು ನಿಂತ ಸದ್ದು ಕೇಳಿ ಎದೆ ಹಾರಿತು. ಅದು ಹಾಲಿನ ಗಾಡಿ. ರಾತ್ರಿ ಹನ್ನೊಂದಕ್ಕೆ ಒಬ್ಬೊಬ್ಬರನ್ನೇ ಕರೆದು ಕೊಟ್ಟೆ. ನೋಟಿಗೆಲ್ಲ ಹಿಟ್ಟು ಹತ್ತಿತ್ತು, ಕೊಡವಿ ಕೊಡವಿ ಎಣಿಸಿದೆವು. ಅವನು ಒಂದು ಪೊಟ್ಟಣ ಭಂಡಾರವನ್ನೂ ಕೊಟ್ಟಿದ್ದ, ಮುಟ್ಟಿ ಆಣೆ ಮಾಡಿಸಿರಿ ಅಂತ. ಮೂವರು ಮುಟ್ಟಿದರು. ನಾಲ್ಕನೆಯವಳು "ದೇವರ್ನ ಇದರಾಗ ಯಾಕ್ ತರ್ತೀ ಯಕ್ಕಾ" ಅಂದಳು. ನನಗೆ ನಾಚಿಕೆಯಾಗಿ ಪೊಟ್ಟಣ ದೇವರ ಜಗಲಿ ಮೇಲಿಟ್ಟೆ.

ಮರುದಿನ ಸಂಜೆ ಅವನು ಬರಲಿಲ್ಲ. ಫೋನ್ ಎತ್ತಲಿಲ್ಲ. ಮೇ 13ಕ್ಕೆ ಎಣಿಕೆ ಮುಗಿದು, ಮಾರನೇ ದಿನ ಬಂದ. ಆರು ಸಾವಿರ ತಂದಿರಲಿಲ್ಲ, ಒಂದು ಚೀಟಿ ತಂದಿದ್ದ. ನಮ್ಮ ಬೂತಿನಲ್ಲಿ ಅವರ ಅಭ್ಯರ್ಥಿ 71 ಮತ ಹಿಂದೆ. "ನಿಮ್ಮವು 58 ವೋಟು ಎಲ್ಲಿ ಹೋದ್ವು ಅಕ್ಕಾರ? ಲೀಡ್ ಬಂದಿಲ್ಲ ಅಂದ್ರ ಮ್ಯಾಲಿನವ್ರು ನನ್ನ ಕೊರಳ ಹಿಡೀತಾರ" ಅಂದ. ಆರು ಸಾವಿರ ಕೇಳಿದ್ದಕ್ಕೆ, "ಮೊದಲು ಲೆಕ್ಕ ಕೊಡ್ರಿ" ಅಂತ ನನಗೇ ತಿರುಗಿಬಿದ್ದ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ, ಯಾಕಂದ್ರೆ ಇವರ ಹೆದರಿಕೆ ಎಲ್ಲ ಇದರ ಮೇಲೇ ನಡೆಯುತ್ತದೆ. ಯಾರು ಯಾರಿಗೆ ಹಾಕಿದರು ಅಂತ ಅವರಿಗೆ ಗೊತ್ತಾಗಲ್ಲ. ಬೂತಿನೊಳಗೆ ಕೂರುವ ಏಜೆಂಟಿಗೆ ಕಾಣೋದು ನೀವು ಬಂದಿರೋ ಇಲ್ಲವೋ ಅನ್ನೋದು ಮಾತ್ರ. ಗುಂಡಿ ಒತ್ತಿದಮೇಲೆ ವಿವಿಪ್ಯಾಟ್ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡ್ ಕಂಡು ಡಬ್ಬಿಗೆ ಬೀಳುತ್ತದೆ. ಅದನ್ನು ನೋಡುವವರು ನೀವೊಬ್ಬರೇ. ಮೊಬೈಲ್ ಒಳಗೆ ಒಯ್ಯುವ ಹಾಗಿಲ್ಲ, ಹಾಗಾಗಿ "ಫೋಟೋ ತಗದು ತೋರ್ಸ್ರಿ" ಅನ್ನುವವನ ಮಾತು ಕೇಳಿದರೆ ಸಿಕ್ಕಿಬೀಳೋದು ನೀವು.

ಆದರೆ ಬೂತಿನ ಒಟ್ಟು ಲೆಕ್ಕ ಅವರಿಗೆ ಪೂರ್ತಿ ಗೊತ್ತಾಗುತ್ತದೆ. ಎಣಿಕೆ ಟೇಬಲ್ಲಿನಲ್ಲಿ ಒಂದೊಂದು ಮಶಿನ್ನಿನ ಅಂಕಿ ಓದುವಾಗ ಏಜೆಂಟರು ಬರೆದುಕೊಳ್ಳುತ್ತಾರೆ. ಆಮೇಲೆ ಫಾರ್ಮ್ 20ರಲ್ಲಿ ಬೂತುವಾರು ಲೆಕ್ಕ ಎಲ್ಲರಿಗೂ ಸಿಗುತ್ತದೆ. ಹಲವು ಮಶಿನ್ನಿನ ಮತ ಕೂಡಿಸಿ ಒಂದೇ ಅಂಕಿ ತೋರಿಸುವ ಟೋಟಲೈಸರ್ ಬೇಕು ಅಂತ ಚುನಾವಣಾ ಆಯೋಗವೇ ಹಿಂದೆ ಕೇಳಿತ್ತು, ಜಾರಿಗೆ ಬರಲಿಲ್ಲ. ಹೀಗಾಗಿ ಒಂಬೈನೂರು, ಸಾವಿರ ಜನರ ಒಂದು ಬೂತು ಯಾವ ಕಡೆ ವಾಲಿತು ಅಂತ ತಿಳಿಯುತ್ತದೆ, ಅದರೊಳಗಿನ ನಿಮ್ಮ ವೋಟು ತಿಳಿಯಲ್ಲ. ಅವನು ಕಾಣುವ ಬೂತಿನ ಅಂಕಿ ತೋರಿಸಿ, ಕಾಣದ 58 ವೋಟಿಗೆ ನನ್ನನ್ನು ಹೊಣೆ ಮಾಡಿದ. ಅವತ್ತು ನನಗೆ ಇದು ತಿಳಿದಿದ್ದರೆ ಅಳುತ್ತಾ ಕೂರುತ್ತಿರಲಿಲ್ಲ.

ಹಾಗಾದರೆ ಗೊತ್ತಾಗದ ವೋಟಿಗೆ ರೊಕ್ಕ ಯಾಕೆ ಕೊಡ್ತಾರೆ ಅಂತ ನಾನೂ ಬಹಳ ಯೋಚಿಸಿದೆ. ಪಟ್ಟಿ ನೆನಪಿಸಿಕೊಂಡಾಗ ಸ್ವಲ್ಪ ಹೊಳೆಯಿತು. ಇಂಟು ಹಾಕಿದ ಮನೆಗಳ ಮೇಲೆ ಅವನಿಗೆ ಆಸೆಯೇ ಇರಲಿಲ್ಲ. ಸಂಘದ ಲೆಕ್ಕ ದೊಡ್ಡದಾಗಿ ಕಾಣಲಿ ಅಂತ ಅವರನ್ನೂ 58ರಲ್ಲಿ ಸೇರಿಸಿದ್ದ. ರೈಟ್ ಹಾಕಿದವರು ಕೂಲಿ ಬಿಟ್ಟು ಬೂತಿಗೆ ಬರಲಿ ಅನ್ನೋದು ಒಂದು ಕಾರಣ. ಇನ್ನೊಂದು, ಆ ಕಡೆಯವರು ಕೊಟ್ಟು ನಾವು ಕೊಡದಿದ್ದರೆ ಏನು ಗತಿ ಅನ್ನೋ ಅಂಜಿಕೆ ಮೇಲಿನವರದು. ಆ ಅಂಜಿಕೆಯಲ್ಲಿ ನಡುವಿನವನ ಹೊಟ್ಟೆ ತುಂಬುತ್ತದೆ. ಮೇಲಿನಿಂದ ವೋಟಿಗೆ ಸಾವಿರ ಬಂದಿತ್ತು ಅಂತ ಆಮೇಲೆ ಓಣಿಯಲ್ಲಿ ಮಾತಾಯಿತು. ಅದು ನಿಜವಾದರೆ ನಮ್ಮ ಪಟ್ಟಿ ತೋರಿಸಿ 58,000 ತಂದು, 23,000 ಕೊಟ್ಟು, ಆರು ಸಾವಿರ ನಮ್ಮ ಕೈಯಿಂದಲೇ ಹಾಕಿಸಿದ. ನಮ್ಮ ಪಟ್ಟಿಯ ಮೇಲೆ ಸಾಹೇಬರಿಗೂ ಟೋಪಿ ಬಿದ್ದಿತ್ತು. ಅದಕ್ಕೆ ಅಯ್ಯೋ ಅನ್ನಲೇ ನಗಲೇ ಗೊತ್ತಾಗಲಿಲ್ಲ.

ಪೊಲೀಸ್ ಕಂಪ್ಲೇಂಟ್ ಯಾಕೆ ಕೊಡಲಿಲ್ಲ ಅಂತ ಕೇಳಬಹುದು. ಏನಂತ ಕೊಡಲಿ? ವೋಟಿಗೆ ಹಣ ಕೊಡೋದೂ ತಪ್ಪು, ತಗೊಳ್ಳೋದೂ ತಪ್ಪು. ಆಗ ಐಪಿಸಿಯ 171ಇ, ಈಗ ಭಾರತೀಯ ನ್ಯಾಯ ಸಂಹಿತೆಯ 173. ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಹಂಚಿದ ಕೈ ನನ್ನದು. ಹೆಸರು ಬರೆದ ಹಾಳೆ ನನ್ನ ಅಕ್ಷರದ್ದು. ಅವನದು ಅಂತ ಒಂದು ಸಹಿಯೂ ಇಲ್ಲ. ಸುಮ್ನೆ ಸಹಾಯ ಮಾಡ್ತಿದ್ದೀನಿ ಅಂದುಕೊಂಡು ಆರೋಪಿಯ ಜಾಗದಲ್ಲಿ ನಾನೇ ಹೋಗಿ ನಿಂತಿದ್ದೆ.

ಹಂಚುವಾಗಲೇ ದೂರು ಕೊಡಬೇಕು ಅನ್ನುವವರಿಗೆ ಚುನಾವಣಾ ಆಯೋಗದ cVIGIL ಆ್ಯಪ್ ಇದೆ. ಹೆಸರು ಹೇಳದೆಯೂ ಕೊಡಬಹುದು, 100 ನಿಮಿಷದೊಳಗೆ ಕ್ರಮ ಅನ್ನೋದು ನಿಯಮ. ಆದರೆ ಫೋಟೋ, ವಿಡಿಯೋ ಅಲ್ಲೇ ನಿಂತು ಆ್ಯಪ್‌ನಲ್ಲೇ ತೆಗೆಯಬೇಕು, ಫೋನಿನಲ್ಲಿ ಮೊದಲೇ ಇದ್ದದ್ದು ನಡೆಯಲ್ಲ. ಹತ್ತು ಮನೆಯ ಓಣಿಯಲ್ಲಿ ಫೋನ್ ಎತ್ತಿ ಹಿಡಿದವರು ಯಾರು ಅಂತ ಕಂಡುಹಿಡಿಯೋಕೆ ಯಾರಿಗೂ ಕಷ್ಟ ಇಲ್ಲ. ಆ ಧೈರ್ಯ ನನಗೆ ಇತ್ತು ಅಂತ ಸುಳ್ಳು ಹೇಳಲ್ಲ.

ಬ್ಯಾಂಕಿನ ಕಂತು ತಪ್ಪಿತು. ಸಭೆಯಲ್ಲಿ ಎಲ್ಲರೆದುರು ಒಪ್ಪಿಕೊಂಡೆ. 150 ರೂಪಾಯಿಯಂತೆ 40 ಜಂಪರ್ ಹೊಲಿದು ಆರು ಸಾವಿರ ಕಟ್ಟಿದೆ. ಆದರೂ ಐದು ಜನ ಹೋದರು. ತಮ್ಮ ಗಂಡಂದಿರು ಯಾವ ಕಡೆ ಅಂತ ನಾನು ಹೇಳಿದ್ದು ಅವರಿಗೆ ಗೊತ್ತಾಗಿತ್ತು.

ಕೊನೆಗೆ ಮೂಲೆಮನೆ ಆಯಿಯ ವಿಷಯ. ಆಕೆಗೆ 65 ದಾಟಿ ಎರಡು ವರ್ಷ ಆಗಿತ್ತು. ಸಂಧ್ಯಾ ಸುರಕ್ಷಾ ಪಿಂಚಣಿ ಅರ್ಜಿಯನ್ನು ಆ ಅಣ್ಣನ ಕೈಗೇ ಕೊಟ್ಟಿದ್ದಳು. "ಎಲೆಕ್ಷನ್ ಮುಗೀಲಿ ಆಯಿ, ಆಗ್ತದ" ಅನ್ನುತ್ತಿದ್ದ. ಲೀಡ್ ಬರದ ಮೇಲೆ "ನಿಮ್ಮ ಓಣಿಯವ್ರ ಕೆಲಸ ಹೆಂಗ್ ಮಾಡ್ಸಲಿ" ಅನ್ನೋಕೆ ಶುರುಮಾಡಿದ. ಜೂನ್‌ನಲ್ಲಿ ನಾನೇ ಆಯಿಯನ್ನು ಕರೆದುಕೊಂಡು ನಾಡಕಚೇರಿಗೆ ಹೋದೆ. ಕಂಪ್ಯೂಟರಿನ ಹುಡುಗ ಆಧಾರ್ ನಂಬರ್ ಹಾಕಿ ನೋಡಿ, "ಈ ಹೆಸರಿನ್ಯಾಗ ಅರ್ಜೀನ ಬಂದಿಲ್ರಿ" ಅಂದ. ಎರಡು ವರ್ಷ ಆ ಕಾಗದ ಬೈಕಿನ ಬ್ಯಾಗಿನಲ್ಲೇ ಇತ್ತು.

ಅಲ್ಲೇ ಅರ್ಜಿ ಹಾಕಿಸಿದೆವು. ಸ್ವೀಕೃತಿ ಚೀಟಿ ಕೊಟ್ಟರು, ಅದರ ಮೇಲೆ ಸಕಾಲದ ನಂಬರ್ ಇತ್ತು, ಮೊಬೈಲಿಗೂ ಮೆಸೇಜ್ ಬಂತು. ಅರ್ಜಿ ನಿಜವಾಗಿ ಒಳಗೆ ಹೋಗಿದೆಯೋ ಇಲ್ಲವೋ ಅಂತ ತಿಳಿಯೋಕೆ ಆ ನಂಬರೇ ಗುರುತು. ಯಾರಾದರೂ "ಕೊಟ್ಟೀನಿ" ಅಂದರೆ ಅದನ್ನು ಕೇಳಿ. ಗ್ರಾಮ ಲೆಕ್ಕಾಧಿಕಾರಿ ಮನೆಗೆ ಬಂದು ನೋಡಿಕೊಂಡು ಹೋದರು. ದೀಪಾವಳಿ ಹೊತ್ತಿಗೆ ಆಯಿಯ ಖಾತೆಗೆ ಮೊದಲ 1,200 ರೂಪಾಯಿ ಬಿತ್ತು. ಮೂರನೇ ದಿನ ಆ ಅಣ್ಣ ಆಯಿಯ ಕಟ್ಟೆಗೆ ಬಂದು, "ಸಾಹೇಬ್ರಿಗೆ ಹೇಳಿ ಮಾಡ್ಸಿನಿ ನೋಡ ಆಯಿ" ಅಂದನಂತೆ. ಆಯಿ ಎಲೆ-ಅಡಿಕೆ ಸಂಚಿಯಿಂದ ಆ ಚೀಟಿ ತೆಗೆದು ಅವನ ಕೈಗೆ ಕೊಟ್ಟು, "ನಿನ್ನ ಹೆಸರು ಎಲ್ಲಿ ಐತಿ, ಓದಿ ಹೇಳಪಾ, ನನಗ ಅಕ್ಷರ ಬರಂಗಿಲ್ಲ" ಅಂದಳಂತೆ.