ಅರ್ಧ ಬೆಲೆಯ ಮಿಕ್ಸಿ: ಬೆಲೆ ಗ್ರಾಫ್, ನನ್ನ ಡೈರಿ, ಬಜಾರಿನ ಅಂಗಡಿ

ಹೋದ ವರ್ಷ ದಸರಾ ಸೇಲ್‌ನಲ್ಲಿ ಒಂದು ಸೈಟಿನಿಂದ 3,499 ರೂಪಾಯಿಗೆ ಮಿಕ್ಸಿ ತರಿಸಿದೆ. 6,999ರ ಮೇಲೆ ಅಡ್ಡಗೆರೆ ಎಳೆದು ‘ಅರ್ಧ ಬೆಲೆ’ ಅಂತ ಹಾಕಿದ್ದರು. ಮಿಕ್ಸಿ ಮನೆಗೆ ಬಂದಮೇಲೆ ಅದರ ಹಳೆ ಬೆಲೆಯ ಗ್ರಾಫ್ ನೋಡಿದೆ. ಜುಲೈ, ಆಗಸ್ಟ್ ಪೂರ್ತಿ 3,299 ಇತ್ತು. ಸೇಲ್‌ಗೆ ಹದಿನೈದು ದಿನ ಮುಂಚೆ 4,299ಕ್ಕೆ ಏರಿ, ಹಬ್ಬಕ್ಕೆ 3,499ಕ್ಕೆ ಇಳಿದಿತ್ತು. ನಾನು 200 ರೂಪಾಯಿ ಜಾಸ್ತಿ ಕೊಟ್ಟು ಖುಷಿಪಟ್ಟಿದ್ದೆ! ಆ 6,999 ಬರೀ ಎಂಆರ್‌ಪಿ. ಗ್ರಾಫ್‌ನಲ್ಲಿ ಬೆಲೆ ಒಂದು ದಿನವೂ ಅದರ ಹತ್ತಿರ ಹೋಗಿರಲಿಲ್ಲ.

ಈ ಸಲ ಕೊಪ್ಪಳದ ತಂಗಿಗೆ ಮಿಕ್ಸಿ ಬೇಕಿತ್ತು. ಕಡಿತ ನಿಜವೋ ಸುಳ್ಳೋ ತಿಳಿಯಲು ಬೆಲೆ ಗ್ರಾಫ್, ನಾನೇ ಬೆಲೆ ಬರೆದಿಡುವ ಡೈರಿ, ಬಜಾರಿನ ಅಂಗಡಿ ಮೂರನ್ನೂ ನೋಡಿದೆ. ನನ್ನ ಓಟು ಗ್ರಾಫ್‌ಗೇ, ಮೊದಲೇ ಹೇಳಿಬಿಡುತ್ತೇನೆ. ಅಮೆಜಾನ್‌ನ ಸಾಮಾನಿಗೆ ಹಳೆ ಬೆಲೆಯ ಗ್ರಾಫ್ ತೋರಿಸುವ Keepa ಸಾಕು. ಅದು ಬೇರೆ ಸೈಟಿನ ಬೆಲೆ ತೋರಿಸುವುದಿಲ್ಲ, ಅದಕ್ಕೆ Buyhatke ಇಟ್ಟುಕೊಂಡಿದ್ದೇನೆ. ಹಬ್ಬದ ಮುಂಚಿನ ಏರಿಕೆಯನ್ನು ಬಿಟ್ಟು, ಅದಕ್ಕೂ ಹಿಂದಿನ ಎರಡು ಮೂರು ತಿಂಗಳು ಗೆರೆ ಎಲ್ಲಿ ನಿಂತಿತ್ತು ಅಂತ ನೋಡುತ್ತೇನೆ. ಸೇಲ್ ಬೆಲೆ ಅದಕ್ಕಿಂತ ಕೆಳಗಿದ್ದರೆ ಮಾತ್ರ ಅದು ಕಡಿತ.

ಆದರೆ ಇಲ್ಲೂ ಒಮ್ಮೆ ಎಡವಿದೆ. ತಂಗಿ ಕಳಿಸಿದ ಲಿಂಕ್ ನಾಲ್ಕು ಜಾರ್‌ನದು. ಅದರ ಗ್ರಾಫ್‌ನಲ್ಲಿ ಬೆಲೆ ತಿಂಗಳುಗಟ್ಟಲೆ 3,800ರ ಸುತ್ತ ಇತ್ತು. ನಾನು ಕೊಳ್ಳಲು ಹೊರಟದ್ದು ಮೂರು ಜಾರ್‌ನದು, 3,100ಕ್ಕೆ. 700 ಉಳಿಯಿತು ಅಂತ ಅವಳಿಗೆ ಫೋನ್ ಕೂಡ ಮಾಡಿದೆ.

ಆಮೇಲೆ ನೋಡಿದರೆ ಪುಟ ಒಂದೇ ಥರ ಕಂಡರೂ ಸಾಮಾನು ಬೇರೆ. ಜಾರ್ ಲೆಕ್ಕ ಬದಲಾಯಿಸಿದ ಕೂಡಲೇ ವಿಳಾಸದಲ್ಲಿ `/dp/` ಆದಮೇಲೆ ಬರುವ ಹತ್ತು ಅಕ್ಷರದ ಕೋಡ್ ಬದಲಾಗುತ್ತದೆ. ಗ್ರಾಫ್ ಇರುವುದು ಆ ಕೋಡ್‌ಗೆ. ಮೂರು ಜಾರ್‌ನ ಕೋಡ್ ಹಾಕಿದೆ. ಅದು ಬೇಸಿಗೆಯಿಂದಲೂ 3,050, 3,100ರಲ್ಲೇ ಓಡಾಡುತ್ತಿತ್ತು. ಕಡಿತ ಸೊನ್ನೆ. ಬಣ್ಣ ಬದಲಾದರೂ ಇದೇ ಕಥೆ, ಹಾಗಾಗಿ ಈಗ ಕೊಳ್ಳುವ ಬಣ್ಣವನ್ನೇ ಆರಿಸಿ ಆಮೇಲೆ ಗ್ರಾಫ್ ತೆಗೆಯುತ್ತೇನೆ.

ಡೈರಿಯಲ್ಲಿ ಬರೆದಿಡುವುದು ನಂಬಿಕಸ್ತ ಕೆಲಸ, ಆದರೆ ಬರೆಯಲು ಶುರು ಮಾಡಿದ ದಿನದ ಹಿಂದಿನದು ಸಿಗಲ್ಲ. ಒಂದು ಉಪಯೋಗ ಇದೆ: ಬ್ಯಾಂಕ್ ಕಾರ್ಡಿನ ಕಡಿತ ಗ್ರಾಫ್‌ನಲ್ಲಿ ಬರುವುದಿಲ್ಲ, ಅದನ್ನು ನಾನು ಕೈಯಲ್ಲೇ ಬರೆದುಕೊಳ್ಳುತ್ತೇನೆ. ಇಲ್ಲದಿದ್ದರೆ ಈಗಿನ ಕಾರ್ಡ್ ಕಳೆದ ಬೆಲೆಯನ್ನು ಹಿಂದಿನ ಕಳೆಯದ ಬೆಲೆಗೆ ಹೋಲಿಸಿ ಮತ್ತೆ ಮೋಸ ಹೋಗುತ್ತೇವೆ, ಅಲ್ವಾ?

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಅಂಗಡಿಯವರು 3,200 ಅಂದರು. ಹೋದ ತಿಂಗಳು ಎಷ್ಟಿತ್ತು ಅಂದರೆ ನಕ್ಕು, ‘ಅಣ್ಣಾ, ನೀವು ಎಷ್ಟು ಕೊಡ್ತೀರಿ ಹೇಳ್ರಿ’ ಅಂದರು. ಜಾರ್ ಕೆಟ್ಟರೆ ಅಲ್ಲಿಗೇ ಹೋಗಬಹುದು ಅನ್ನೋದು ನಿಜ, ಆದರೆ ತಂಗಿ ಇರುವುದು ಕೊಪ್ಪಳದಲ್ಲಿ.

ನನಗೆ ಅವಸರ ಇರಲಿಲ್ಲ. Keepaದಲ್ಲಿ 2,800 ಅಂತ ಹಾಕಿ, ಬೆಲೆ ಇಳಿದರೆ ತಿಳಿಸು ಅಂತ ಇಟ್ಟೆ. ದೀಪಾವಳಿಗೆ ಮೂರು ದಿನ ಇರುವಾಗ ಮೇಲ್ ಬಂತು: 2,799.